ಚುಕ್ಕಿ ನಕ್ಷೆ ಮತ್ತು ಗಸ್ತಿನ 15 ನಿಮಿಷ

ಪೊಲೀಸರ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕಳ್ಳರ ಕಥೆಯನ್ನೂ ಅವರನ್ನು ಹಿಡಿದ ಅಧಿಕಾರಿಗಳ ಸಾಹಸವನ್ನೂ ಬರೆದಿದ್ದಾರೆ. ಇಬ್ಬರೂ ಓಡಾಡಿದ ನೆಲದ ಕಥೆಯನ್ನು ಬರೆದವರು ಕಡಿಮೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಗಸ್ತು ತಿರುಗುವ ಕೆಲಸದಲ್ಲಿ ಆಗಿರುವ ದೊಡ್ಡ ಬದಲಾವಣೆ ಆ ನೆಲಕ್ಕೇ ಸಂಬಂಧಿಸಿದ್ದು. ‘ಕಳ್ಳ ಯಾರು?’ ಎಂಬ ಹಳೆಯ ಪ್ರಶ್ನೆಯ ಪಕ್ಕದಲ್ಲಿ ‘ಕಳವು ಎಲ್ಲಿ, ಎಷ್ಟು ಹೊತ್ತಿಗೆ?’ ಎಂಬ ಇನ್ನೊಂದು ಪ್ರಶ್ನೆ ಬಂದು ಕುಳಿತದ್ದೇ ಆ ಬದಲಾವಣೆ. ಇಂಗ್ಲಿಷಿನವರು ಹಾಟ್‌ಸ್ಪಾಟ್ ಎನ್ನುವುದು ಈ ಎರಡನೆಯ ಪ್ರಶ್ನೆಗೆ ದೊರೆತ ಉತ್ತರವನ್ನು. ಪತ್ರಿಕೆಗಳಲ್ಲಿ ಈ ಶಬ್ದ ಈಗ ಧಾರಾಳವಾಗಿ ಬಳಕೆಯಾಗುತ್ತಿದೆ. ಅದರ ಹಿಂದಿರುವ ಲೆಕ್ಕವೇನು, ಆ ಲೆಕ್ಕ ನಮ್ಮ ತುಮಕೂರಿನಲ್ಲಿ ಎಷ್ಟು ನಡೆದೀತು, ಗುಬ್ಬಿ ಮತ್ತು ಕುಣಿಗಲ್ಲಿನಲ್ಲಿ ಎಲ್ಲಿ ಎಡವೀತು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಮೊದಲು ಹಳೆಯ ಪ್ರಶ್ನೆಯನ್ನೇ ನೋಡೋಣ. ನಮ್ಮ ಹಳ್ಳಿಗಳಲ್ಲಿ ತಳವಾರನೂ ತೋಟಿಯೂ ರಾತ್ರಿ ಕಾವಲು ಕಾಯುತ್ತಿದ್ದ ಕಾಲದಲ್ಲಿ ಕಾವಲೆಂದರೆ ಮುಖಗಳ ಪರಿಚಯ. ಊರಿಗೆ ಬಂದ ಹೊಸಬ ಯಾರು, ಯಾರ ಮನೆಯಲ್ಲಿ ಇಳಿದಿದ್ದಾನೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಈ ತಿಳಿವಳಿಕೆ ಊರಿನ ಮಟ್ಟದಲ್ಲಿದ್ದಾಗ ಉಪಯುಕ್ತವಾಗಿತ್ತು. ಅದನ್ನೇ ಸರ್ಕಾರವೊಂದು ಕಾಯಿದೆಯನ್ನಾಗಿ ಮಾಡಿದಾಗ ಅನಾಹುತವಾಯಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಶಂಕಿತರೆಂದು ದಾಖಲಿಸಿತು. ಕೊರಚ, ಕೊರಮ ಮೊದಲಾದ ಅಲೆಮಾರಿ ಜನ ಆ ಕಳಂಕವನ್ನು ಹೊತ್ತರು. ಕಾಯಿದೆ 1952ರಲ್ಲಿ ರದ್ದಾಯಿತು. ಶಂಕೆ ಅಷ್ಟು ಬೇಗ ರದ್ದಾಗಲಿಲ್ಲ. ‘ಯಾರು?’ ಎಂಬ ಪ್ರಶ್ನೆಯನ್ನು ಅತಿಯಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ನಮ್ಮ ಇತಿಹಾಸದಲ್ಲಿ ಬೇಕಿಲ್ಲ. ಮುಂದೆ ನಕ್ಷೆಯ ಮಿತಿಗಳನ್ನು ಹೇಳುವಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಸ್ಥಳವನ್ನು ಕುರಿತ ಪ್ರಶ್ನೆಯೂ ಹೊಸದೇನಲ್ಲ. 1829ರಲ್ಲಿ ಫ್ರಾನ್ಸಿನ ಆಂದ್ರೆ ಮಿಷೆಲ್ ಗೆರಿ ಎಂಬ ವಕೀಲ, ಭೂಗೋಳಜ್ಞ ಬಾಲ್ಬಿಯೊಡನೆ ಸೇರಿ, ತನ್ನ ದೇಶದ ಪ್ರಾಂತ್ಯಗಳಿಗೆ ಅಪರಾಧದ ಸಂಖ್ಯೆಗೆ ತಕ್ಕಂತೆ ಬಣ್ಣ ತುಂಬಿದ ನಕ್ಷೆಗಳನ್ನು ಪ್ರಕಟಿಸಿದ. ಶಾಲೆಗಳು ಕಡಿಮೆಯಿದ್ದಲ್ಲಿ ಕಳವು ಹೆಚ್ಚಿರಬೇಕೆಂಬುದು ಆಗಿನವರ ನಂಬಿಕೆ. ನಕ್ಷೆ ಬೇರೆಯದನ್ನೇ ತೋರಿಸಿತು. ಅಕ್ಷರಸ್ಥರು ಹೆಚ್ಚಾಗಿದ್ದ, ಸಂಪತ್ತಿದ್ದ ಉತ್ತರ ಭಾಗದಲ್ಲೇ ಆಸ್ತಿಯ ಅಪರಾಧಗಳು ಹೆಚ್ಚಾಗಿದ್ದವು. ಕದಿಯಲು ವಸ್ತುವಿರುವಲ್ಲಿ ಕಳವು ನಡೆಯುತ್ತದೆ ಎಂಬ ಸರಳ ಸತ್ಯ ಬಣ್ಣದಲ್ಲಿ ಕಂಡದ್ದು ಆಗ. ಜೀವಮಾನವೆಲ್ಲ ಪಾಠ ಹೇಳಿದ ನನ್ನಂಥವನಿಗೆ ಇದು ಸ್ವಲ್ಪ ಮುಜುಗರದ ಸತ್ಯವೇ.

ನಮ್ಮ ಪೊಲೀಸ್ ಠಾಣೆಗಳಲ್ಲೂ ನಕ್ಷೆಯ ಪದ್ಧತಿ ಬಹಳ ಕಾಲದಿಂದ ಇದೆ. ಠಾಣೆಯ ಅಪರಾಧ ಇತಿಹಾಸವೆಂಬ ದಫ್ತರದಲ್ಲಿ ಅಪರಾಧ ನಕ್ಷೆಗೂ ಸ್ಥಾನವುಂಟು. ಕನ್ನಗಳವು, ಸುಲಿಗೆ ಮೊದಲಾದವು ನಡೆದ ಜಾಗಗಳನ್ನು ಸರಹದ್ದಿನ ನಕ್ಷೆಯಲ್ಲಿ ಗುರುತಿಸಿಡುವುದು ಅದರ ಕ್ರಮ. ಗೋಡೆಯ ನಕ್ಷೆಗೆ ಬಣ್ಣದ ಗುಂಡುಸೂಜಿ ಚುಚ್ಚುವುದೂ ಹಲವು ದೇಶಗಳಲ್ಲಿ ರೂಢಿಯಲ್ಲಿತ್ತು. ಇದರಲ್ಲಿ ಒಂದು ಕೊರತೆಯಿತ್ತು. ವರ್ಷದ ಕೊನೆಗೆ ನಕ್ಷೆಯ ತುಂಬ ಸೂಜಿಗಳಾಗುತ್ತಿದ್ದವು. ಹೊಸ ವರ್ಷಕ್ಕೆ ಕಿತ್ತು ತೆಗೆದರೆ ಹಳೆಯ ತಿಳಿವಳಿಕೆಯೂ ಜೊತೆಗೇ ಹೋಗುತ್ತಿತ್ತು. ಒಂದೇ ಮನೆಯಲ್ಲಿ ಐದು ಸಲ ಕಳವಾದರೆ ಐದು ಸೂಜಿಗೆ ಜಾಗವೂ ಇರುತ್ತಿರಲಿಲ್ಲ.

ಹೀಗಾಗಿ ಗಸ್ತು ನಕ್ಷೆಯನ್ನು ಅನುಸರಿಸುತ್ತಿರಲಿಲ್ಲ. ಸರಹದ್ದನ್ನು ಸಮವಾಗಿ ಹಂಚಿಕೊಂಡು, ಎಲ್ಲ ಬೀದಿಗಳನ್ನೂ ಒಂದು ಸುತ್ತು ಹಾಕುವುದೇ ಗಸ್ತು ಎಂಬ ಭಾವನೆಯಿತ್ತು. ಪೊಲೀಸರು ಎಲ್ಲಿ ಬೇಕಾದರೂ ಬಂದಾರು ಎಂಬ ಅಂಜಿಕೆ ಎಲ್ಲೆಡೆಯೂ ಇದ್ದರೆ ಕಳವು ಇಳಿಯುತ್ತದೆ ಎಂಬುದು ಅದರ ತರ್ಕ. ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದ್ದು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ, 1972–73ರಲ್ಲಿ. ಅಲ್ಲಿನ 15 ಬೀಟುಗಳನ್ನು ಐದೈದರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು. ಇನ್ನೊಂದರಲ್ಲಿ ಗಸ್ತನ್ನೇ ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ವರ್ಷದ ಕೊನೆಗೆ ಮೂರು ಗುಂಪುಗಳ ಅಪರಾಧದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತು ಹೆಚ್ಚಾದದ್ದೂ ಕಡಿಮೆಯಾದದ್ದೂ ಜನರ ಗಮನಕ್ಕೇ ಬಹಳವಾಗಿ ಬಂದಿರಲಿಲ್ಲ. ಗಸ್ತೇ ವ್ಯರ್ಥವೆಂದು ಅನೇಕರು ಅಂದು ತೀರ್ಮಾನಿಸಿದರು.

ಆ ತೀರ್ಮಾನವನ್ನು ತಿದ್ದಿದ್ದು ಮಿನಿಯಾಪೊಲಿಸ್ ನಗರ. ಲಾರೆನ್ಸ್ ಶರ್ಮನ್ ಮತ್ತು ಅವರ ಸಂಗಡಿಗರು ಆ ನಗರದ ಪೊಲೀಸರಿಗೆ ಒಂದು ವರ್ಷದಲ್ಲಿ ಬಂದ ಸುಮಾರು 3 ಲಕ್ಷ 24 ಸಾವಿರ ದೂರವಾಣಿ ಕರೆಗಳನ್ನು ವಿಳಾಸವಾರು ಜೋಡಿಸಿದರು. ನಗರದಲ್ಲಿ ಮನೆ, ಅಂಗಡಿ, ಬೀದಿ ಕೂಡುಗಳೆಲ್ಲ ಸೇರಿ ಸುಮಾರು 1 ಲಕ್ಷ 15 ಸಾವಿರ ವಿಳಾಸಗಳಿದ್ದವು. ಅವುಗಳಲ್ಲಿ ಬರಿಯ ಶೇಕಡಾ 3ರಷ್ಟು ವಿಳಾಸಗಳಿಂದ ಅರ್ಧದಷ್ಟು ಕರೆಗಳು ಬಂದಿದ್ದವು. ಈ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಕೆಟ್ಟ ಬಡಾವಣೆಯೆಂದು ಹೆಸರಾದಲ್ಲಿಯೂ ಬಹುಪಾಲು ಬೀದಿಗಳು ಶಾಂತವಾಗಿದ್ದವು. ಒಂದು ಮೂಲೆ, ಒಂದು ಸಾರಾಯಿ ಅಂಗಡಿ, ಒಂದು ವಾಹನ ನಿಲುಗಡೆ, ಇಷ್ಟೇ ಗದ್ದಲದ ಮೂಲ. ಈಗ ಕಾನ್ಸಾಸ್ ಸಿಟಿಯ ಫಲಿತಾಂಶಕ್ಕೂ ಕಾರಣ ಹೊಳೆಯಿತು. ಇಡೀ ಬೀಟಿನ ಮೇಲೆ ಗಸ್ತನ್ನು ಎರಡು ಪಟ್ಟು ಚೆಲ್ಲಿದರೂ ಆ ಒಂದು ಮೂಲೆಗೆ ಬೀಳುವುದು ಹನಿಯಷ್ಟೇ.

ಮರುಪರೀಕ್ಷೆ ಅದೇ ನಗರದಲ್ಲಿ ನಡೆಯಿತು. ಶರ್ಮನ್ ಮತ್ತು ಡೇವಿಡ್ ವೈಸ್‌ಬರ್ಡ್ 110 ಸಣ್ಣ ತಾಣಗಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. 55 ತಾಣಗಳಿಗೆ ಹೆಚ್ಚಿನ ಗಸ್ತು. ಉಳಿದ 55ಕ್ಕೆ ವಾಡಿಕೆಯಷ್ಟೇ. 1995ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹೆಚ್ಚು ಗಸ್ತು ಪಡೆದ ತಾಣಗಳಿಂದ ಬರುವ ಅಪರಾಧದ ಕರೆಗಳು ಶೇಕಡಾ 6ರಿಂದ 13ರಷ್ಟು ಇಳಿದವು. ಇದು ಪವಾಡವಲ್ಲ, ಆದರೆ ಸುಳ್ಳೂ ಅಲ್ಲ. ಅದೇ ವರ್ಷ ಕ್ರಿಸ್ಟೋಫರ್ ಕೋಪರ್ ಎಂಬ ಸಂಶೋಧಕ ಅದೇ ದಾಖಲೆಗಳಿಂದ ಇನ್ನೊಂದು ಅಂಶವನ್ನು ಹೊರತೆಗೆದ. ಪೊಲೀಸ್ ವಾಹನ ಸುಮ್ಮನೆ ಹಾದುಹೋದರೆ ಪರಿಣಾಮ ಕಡಿಮೆ. ನಿಂತರೆ, ನಿಂತ ಪ್ರತಿ ನಿಮಿಷಕ್ಕೂ, ಅವರು ಹೊರಟ ಮೇಲೆ ಆ ಜಾಗ ಶಾಂತವಾಗಿರುವ ಅವಧಿ ಹೆಚ್ಚುತ್ತದೆ. ಈ ಹೆಚ್ಚಳ ಸುಮಾರು 14–15 ನಿಮಿಷದವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ನಿಂತರೆ ಲಾಭ ಬೆಳೆಯದು. ನಿಂತಲ್ಲೇ ಇಡೀ ದಿನ ನಿಲ್ಲುವುದಕ್ಕಿಂತ 15 ನಿಮಿಷ ನಿಂತು, ಮುಂದಿನ ತಾಣಕ್ಕೆ ಹೋಗಿ, ನಿಯಮಿತ ಹೊತ್ತಿಲ್ಲದೆ ಮತ್ತೆ ಬರುವುದು ಮೇಲು.

ಇನ್ನು ಈ ಲೆಕ್ಕವನ್ನು ನಮ್ಮ ನೆಲದ ಮೇಲೆ ಹಾಕಿ ನೋಡೋಣ. ತುಮಕೂರು ನಗರದಲ್ಲಿ 2011ರ ಜನಗಣತಿಯ ಹೊತ್ತಿಗೆ ಸುಮಾರು 3 ಲಕ್ಷ ಜನರಿದ್ದರು. ನಗರ ಠಾಣೆ, ಹೊಸ ಬಡಾವಣೆ, ತಿಲಕ್ ಪಾರ್ಕ್, ಜಯನಗರ, ಕ್ಯಾತ್ಸಂದ್ರ ಠಾಣೆಗಳು ಈ ಜನರನ್ನು ಹಂಚಿಕೊಂಡಿವೆ. ಒಬ್ಬ ವಿಶ್ಲೇಷಕ ಕುಳಿತು ನಗರದ ನಕ್ಷೆ ಮಾಡಬೇಕೆಂದಿಟ್ಟುಕೊಳ್ಳಿ. ಅವನ ಮೊದಲ ಕಚ್ಚಾವಸ್ತು ಪ್ರಥಮ ವರ್ತಮಾನ ವರದಿ. ಅದನ್ನು ನೋಡಿದವರಿಗೆ ನೆನಪಿರಬಹುದು: ಕೃತ್ಯ ಯಾವ ವೇಳೆಯಿಂದ ಯಾವ ವೇಳೆಯೊಳಗೆ ನಡೆಯಿತು, ಸ್ಥಳ ಯಾವುದು, ಅದು ಠಾಣೆಯಿಂದ ಯಾವ ದಿಕ್ಕಿಗೆ ಎಷ್ಟು ದೂರ, ಯಾವ ಗಸ್ತಿಗೆ ಸೇರಿದ್ದು ಎಂಬ ಅಂಕಣಗಳು ಅದರಲ್ಲಿವೆ. ನಕ್ಷೆಯ ಬೀಜವೆಲ್ಲ ಈ ನಾಲ್ಕು ಅಂಕಣಗಳಲ್ಲೇ ಇದೆ.

ಮೊದಲ ಕೆಲಸ ಬಗೆಗಳನ್ನು ಬೇರ್ಪಡಿಸುವುದು. ಸರಗಳ್ಳತನ, ದ್ವಿಚಕ್ರ ವಾಹನ ಕಳವು, ರಾತ್ರಿಯ ಕನ್ನಗಳವು, ಹೊಡೆದಾಟ ಇವನ್ನೆಲ್ಲ ಒಂದೇ ನಕ್ಷೆಗೆ ಸುರಿದರೆ ಕಾಣುವುದು ಜನ ಹೆಚ್ಚಿರುವ ಜಾಗವೇ ಹೊರತು ಬೇರೇನೂ ಅಲ್ಲ. ಅದಕ್ಕೆ ನಕ್ಷೆಯೇ ಬೇಕಿಲ್ಲ. ಬಸ್ ನಿಲ್ದಾಣದ ಮುಂದೆ ನಿಂತರೆ ಸಾಕು.

ಎರಡನೆಯದು ಚುಕ್ಕಿಗಳನ್ನು ಸೇರಿಸಿ ಎಲ್ಲಿ ಒತ್ತಾಗಿವೆ ಎಂದು ನೋಡುವುದು. ಇದನ್ನು ಅಡುಗೆಮನೆಯ ಉದಾಹರಣೆಯಿಂದ ಹೇಳಬಹುದು. ನೆಲದ ಮೇಲೆ ನಕ್ಷೆ ಹಾಸಿ, ಪ್ರತಿ ಚುಕ್ಕಿಯ ಮೇಲೂ ಒಂದು ಹಿಡಿ ರಾಗಿ ಹಿಟ್ಟನ್ನು ಗುಪ್ಪೆಯಾಗಿ ಸುರಿಯಿರಿ. ಗುಪ್ಪೆಯ ನಡುಭಾಗ ಎತ್ತರ, ಅಂಚು ತೆಳು. ಹತ್ತಿರ ಹತ್ತಿರದ ಗುಪ್ಪೆಗಳು ಒಂದರ ಮೇಲೊಂದು ಬಿದ್ದಲ್ಲಿ ಹಿಟ್ಟು ಬೆಟ್ಟವಾಗುತ್ತದೆ. ಆ ಬೆಟ್ಟಗಳಿಗೆ ಕೆಂಪು ಬಣ್ಣ ಕೊಟ್ಟರೆ ಹಾಟ್‌ಸ್ಪಾಟ್ ನಕ್ಷೆಯಾಯಿತು. ಗಣಕಯಂತ್ರ ಮಾಡುವುದೂ ಇದನ್ನೇ. ಇಲ್ಲಿ ಎಲ್ಲವೂ ನಿಂತಿರುವುದು ಗುಪ್ಪೆ ಎಷ್ಟು ಅಗಲ ಎಂಬುದರ ಮೇಲೆ. ಗುಪ್ಪೆ 2 ಕಿಲೋಮೀಟರ್ ಅಗಲವಾದರೆ ಬಿ.ಎಚ್. ರಸ್ತೆಯೂ ಮಂಡಿಪೇಟೆಯೂ ಒಂದೇ ಬೆಟ್ಟವಾಗಿ, ‘ಇಡೀ ತುಮಕೂರೇ ಅಪಾಯ’ ಎಂಬ ನಿರುಪಯೋಗಿ ಉತ್ತರ ಬರುತ್ತದೆ. 30 ಮೀಟರ್ ಮಾಡಿದರೆ ಪ್ರತಿ ಕಳವೂ ತನ್ನದೇ ಪುಟ್ಟ ಗುಡ್ಡವಾಗಿ, ಏನನ್ನೂ ಹೇಳುವುದಿಲ್ಲ. ಈ ಅಗಲವನ್ನು ಆರಿಸುವವನು ಮನುಷ್ಯ. ನಕ್ಷೆಯನ್ನು ತೋರಿಸುವ ಅಧಿಕಾರಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ಸ್ವಾಮಿ, ಗುಪ್ಪೆಯ ಅಗಲ ಎಷ್ಟಿಟ್ಟಿರಿ?’ ಎಂಬುದು.

ಮೂರನೆಯದು ಹೊತ್ತು. ಸರ ಕಿತ್ತುಕೊಂಡ ಹೊತ್ತು ನಿಮಿಷ ಸಹಿತ ಗೊತ್ತಿರುತ್ತದೆ. ಬೀಗ ಹಾಕಿದ ಮನೆಯ ಕಳವಿನದು ಹಾಗಲ್ಲ. ಒಂದು ಕುಟುಂಬ ಶನಿವಾರ ಸಂಜೆ 6ಕ್ಕೆ ಮದುವೆಗೆ ಹೊರಟು ಸೋಮವಾರ ಬೆಳಗ್ಗೆ 6ಕ್ಕೆ ಹಿಂದಿರುಗಿತು, ಬಾಗಿಲು ಒಡೆದಿತ್ತು. ಇವೆರಡರ ನಡುವಣ ಹೊತ್ತನ್ನು ತೆಗೆದುಕೊಂಡರೆ ಕಳವು ಭಾನುವಾರ ನಡುಮಧ್ಯಾಹ್ನ 12ಕ್ಕೆ ನಡೆದಂತಾಗುತ್ತದೆ. ಇದು ಲೆಕ್ಕವಾಯಿತೇ ಹೊರತು ತಿಳಿವಳಿಕೆಯಲ್ಲ. ಇಂಗ್ಲೆಂಡಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು ಮುಂದೆ ಪ್ರಾಧ್ಯಾಪಕನಾದ ಜೆರ್ರಿ ರಾಟ್‌ಕ್ಲಿಫ್ ತೋರಿಸಿದ ದಾರಿ ಹೀಗಿದೆ: ಆ ಒಂದು ಕಳವನ್ನು 36 ಗಂಟೆಗಳಿಗೂ ಸಮನಾಗಿ ಹಂಚಿ, ಪ್ರತಿ ಗಂಟೆಗೂ 36ರಲ್ಲಿ ಒಂದು ಪಾಲು ಕೊಡಿ. ಎಲ್ಲ ಮನೆಗಳ್ಳತನಗಳನ್ನೂ ಹೀಗೆ ಹಂಚಿ ಗಂಟೆವಾರು ಕೂಡಿದರೆ, ಯಾವ ಗಂಟೆಗಳಲ್ಲಿ ಪಾಲು ಗುಡ್ಡೆಯಾಗಿದೆಯೆಂಬುದು ಮೆಲ್ಲಗೆ ಕಾಣುತ್ತದೆ.

ಕೊನೆಯದು ಗಸ್ತಿನ ಚೀಟಿ. ಇಲ್ಲಿಯ ಅಂಕಿಗಳು ಲೆಕ್ಕಕ್ಕಾಗಿ ನಾನು ಕಲ್ಪಿಸಿದವು. ವರ್ಷದಲ್ಲಿ ನಗರದ ಒಂದು ಭಾಗದಲ್ಲಿ 60 ದ್ವಿಚಕ್ರ ವಾಹನಗಳು ಕಳವಾದುವೆಂದೂ, ಅವುಗಳಲ್ಲಿ 22 ಕೇವಲ 5 ಸಣ್ಣ ತಾಣಗಳಿಂದ, ಬೆಳಗ್ಗೆ 10ರಿಂದ ಸಂಜೆ 5ರೊಳಗೆ ಹೋದುವೆಂದೂ ಇಟ್ಟುಕೊಳ್ಳಿ. ಒಂದು ತಾಣದಲ್ಲಿ 15 ನಿಮಿಷ, ಮುಂದಿನದಕ್ಕೆ ಹೋಗಲು 10 ನಿಮಿಷ. ಐದು ತಾಣದ ಒಂದು ಸುತ್ತಿಗೆ 125 ನಿಮಿಷ ಬೇಕು. 7 ಗಂಟೆಯಲ್ಲಿ 3 ಸುತ್ತು ಮುಗಿದು, ಊಟಕ್ಕೆ ಮತ್ತು ಕಾಫಿಗೆ 45 ನಿಮಿಷ ಉಳಿಯುತ್ತದೆ. ಇಬ್ಬರು ಪೇದೆಗಳು, ಒಂದು ಬೈಕು ಸಾಕು. ಸುತ್ತಿನ ಕ್ರಮವನ್ನು ದಿನವೂ ಬದಲಿಸಬೇಕು. ಇಲ್ಲದಿದ್ದರೆ ಕಳ್ಳನೂ ಗಡಿಯಾರ ಇಟ್ಟುಕೊಳ್ಳುತ್ತಾನೆ. ಅಲ್ಲಿ ಅವರು ವಾಹನದಲ್ಲೇ ಕುಳಿತಿರದೆ ಇಳಿದು ನಡೆಯಬೇಕು, ಅಂಗಡಿಯವರನ್ನು ಮಾತನಾಡಿಸಬೇಕು, ಬೀಗ ಹಾಕದ ಗಾಡಿಯ ಒಡೆಯನಿಗೆ ಹೇಳಬೇಕು. 2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ಪದ್ಧತಿಯಲ್ಲಿ ಒಂದೊಂದು ಬೀಟಿಗೆ ಒಬ್ಬೊಬ್ಬ ಪೇದೆಯನ್ನು ಹೊಣೆ ಮಾಡಲಾಯಿತು. ಹೊಣೆಗಾರಿಕೆಗೆ ಅದು ಒಳ್ಳೆಯದು. ಆದರೆ ಬೀಟು ಸಮವಾಗಿ ಹಂಚಿದ ನೆಲ. ಹಾಟ್‌ಸ್ಪಾಟ್ ಸಮವಾಗಿ ಹಂಚಿಕೆಯಾಗದ ತೊಂದರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

‘ಇಲ್ಲಿ ಪೊಲೀಸರು ನಿಂತರೆ ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನೆ, ಅಷ್ಟೇ’ ಎಂಬ ಆಕ್ಷೇಪವನ್ನು ನಾನೂ ಮೊದಲು ಎತ್ತಿದ್ದುಂಟು. ಇದನ್ನೂ ಪರೀಕ್ಷಿಸಿದ್ದಾರೆ. ವೈಸ್‌ಬರ್ಡ್ ಮತ್ತು ಸಂಗಡಿಗರು ಜೆರ್ಸಿ ಸಿಟಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಕ್ಕದ ಬೀದಿಗಳು ಕೆಡಲಿಲ್ಲ. ಬದಲಿಗೆ ಸ್ವಲ್ಪ ಸುಧಾರಿಸಿದವು. ಕಳ್ಳನಿಗೂ ಪರಿಚಿತ ಜಾಗ, ತಪ್ಪಿಸಿಕೊಳ್ಳುವ ಓಣಿ, ಮಾಲು ಕೊಳ್ಳುವವನು ಬೇಕು. ಅವು ಪ್ರತಿ ಬೀದಿಯಲ್ಲೂ ಸಿಗುವುದಿಲ್ಲ.

ಇಷ್ಟರವರೆಗೆ ನಕ್ಷೆಯ ಗುಣವನ್ನು ಹೇಳಿದೆ. ಇನ್ನು ಅದು ಎಡವುವ ಕಡೆಗಳು. ಮೊದಲನೆಯದಕ್ಕೆ ನಮ್ಮ ಗುಬ್ಬಿಯೇ ಸಾಕ್ಷಿ. ತುಮಕೂರಿನ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಅದೇ ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಗುಬ್ಬಿ. ಜಾತ್ರೆಯ ದಿನ ಗುಬ್ಬಿಯಲ್ಲಿ ಬಸ್ಸು ಹತ್ತಿದ ಒಬ್ಬ ತಾಯಿ ತುಮಕೂರು ಬಸ್ ನಿಲ್ದಾಣದಲ್ಲಿ ಇಳಿದು ನೋಡಿಕೊಳ್ಳುತ್ತಾರೆ. ಚೀಲದ ಒಳಗಿದ್ದ ಹಣದ ಪರ್ಸು ಇಲ್ಲ. ಕಳವು ಗುಬ್ಬಿಯಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಆಯಿತೋ, ದಾರಿಯಲ್ಲಿ ಆಯಿತೋ, ಇಳಿಯುವಾಗ ಆಯಿತೋ ಅವರಿಗೆ ಗೊತ್ತಿಲ್ಲ. ದೂರು ಕೊಟ್ಟದ್ದು ತುಮಕೂರಿನಲ್ಲಿ. ಸ್ಥಳದ ಅಂಕಣದಲ್ಲಿ ‘ಬಸ್ ನಿಲ್ದಾಣದ ಬಳಿ’ ಎಂದು ಬೀಳುತ್ತದೆ. ಇಂಥವು ಹತ್ತಾದರೆ ತುಮಕೂರು ನಿಲ್ದಾಣದಲ್ಲಿ ಕೆಂಪು ಬೆಟ್ಟ ಏಳುತ್ತದೆ, ಪೊಲೀಸರು ಅಲ್ಲಿ ನಿಲ್ಲುತ್ತಾರೆ, ಗುಬ್ಬಿಯ ನೂಕುನುಗ್ಗಲಿನಲ್ಲಿ ಕೈಚಳಕದವನು ನಿಶ್ಚಿಂತೆಯಿಂದ ಇರುತ್ತಾನೆ. ನಕ್ಷೆ ತೋರಿಸುವುದು ನಷ್ಟ ಅರಿವಿಗೆ ಬಂದ ಜಾಗವನ್ನು. ಇದನ್ನು ಪತ್ತೆ ಮಾಡುವ ಉಪಾಯ ಕಠಿಣವಲ್ಲ. ದೂರುದಾರರು ಯಾವ ಊರಿನಿಂದ, ಯಾವ ಬಸ್ಸಿನಲ್ಲಿ ಬಂದರು ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಂಡರೆ, ಹತ್ತರಲ್ಲಿ ಏಳು ಮಂದಿ ಒಂದೇ ಮಾರ್ಗದವರೆಂಬುದು ತಾನಾಗಿ ಕಾಣುತ್ತದೆ. ಆ ಸಾಲು ಇಲ್ಲದಿದ್ದರೆ ಯಾವ ಯಂತ್ರಕ್ಕೂ ಕಾಣದು.

ಎರಡನೆಯದು ಸಣ್ಣ ಸಂಖ್ಯೆಯ ಮೋಸ. 2011ರಲ್ಲಿ ಕುಣಿಗಲ್ ಪಟ್ಟಣದ ಜನಸಂಖ್ಯೆ ಸುಮಾರು 34 ಸಾವಿರ. ಗುಬ್ಬಿಯದು 20 ಸಾವಿರದೊಳಗೆ. ಮಿನಿಯಾಪೊಲಿಸಿನಲ್ಲಿ ಲಕ್ಷಗಟ್ಟಲೆ ಕರೆಗಳಿದ್ದವು. ಇಂಥ ಪಟ್ಟಣದಲ್ಲಿ ಒಂದು ಬಗೆಯ ಅಪರಾಧ ವರ್ಷಕ್ಕೆ ಹತ್ತೋ ಹನ್ನೆರಡೋ ಇರಬಹುದು. ಪಟ್ಟಣವನ್ನು 40 ಚೌಕಗಳಾಗಿ ವಿಂಗಡಿಸಿ, 12 ಮನೆಗಳ್ಳತನಗಳನ್ನು ಗುರುತಿಸಿದಿರಿ ಎನ್ನಿ. ಒಂದು ಚೌಕದಲ್ಲಿ ಎರಡು ಬಿದ್ದವು. ಉಳಿದಲ್ಲೆಲ್ಲ ಒಂದೋ ಸೊನ್ನೆಯೋ ಇರುವಾಗ ಈ ಚೌಕ ಕೆಂಪಾಗಿ ಕಾಣುತ್ತದೆ. ಇದು ಹಾಟ್‌ಸ್ಪಾಟೇ?

ಮನೆಯಲ್ಲೇ ಪರೀಕ್ಷಿಸಬಹುದು. ಕಾಗದದ ಮೇಲೆ 40 ಮನೆ ಗೀಚಿ, ಒಂದೊಂದಕ್ಕೂ ಅಂಕಿ ಕೊಡಿ. 1ರಿಂದ 40ರವರೆಗಿನ ಚೀಟಿಗಳನ್ನು ಡಬ್ಬಿಗೆ ಹಾಕಿ, ಒಂದನ್ನು ಎತ್ತಿ, ಆ ಅಂಕಿಯ ಮನೆಯಲ್ಲಿ ಒಂದು ಹುಣಸೆ ಬೀಜ ಇಡಿ. ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕಿ. ಹೀಗೆ 12 ಬೀಜ ಇಡಿ. ಇಲ್ಲಿ ಕಳ್ಳನೂ ಇಲ್ಲ, ಕೆಟ್ಟ ಬೀದಿಯೂ ಇಲ್ಲ, ಬರಿಯ ಅದೃಷ್ಟ. ಆದರೂ ಈ ಆಟವನ್ನು 100 ಸಲ ಆಡಿದರೆ ಸುಮಾರು 84 ಸಲ ಯಾವುದಾದರೂ ಒಂದು ಮನೆಯಲ್ಲಿ ಎರಡು ಅಥವಾ ಹೆಚ್ಚು ಬೀಜ ಕೂಡಿರುತ್ತವೆ. ಎರಡನೆಯ ಬೀಜ ಹೊಸ ಮನೆಗೆ ಬೀಳುವ ಸಂಭವ 40ರಲ್ಲಿ 39, ಮೂರನೆಯದಕ್ಕೆ 38, ಹೀಗೆ ಹನ್ನೆರಡರವರೆಗೆ ಗುಣಿಸುತ್ತ ಹೋದರೆ ಎಲ್ಲ ಬೀಜಗಳೂ ಬೇರೆ ಬೇರೆ ಮನೆಯಲ್ಲಿರುವ ಸಂಭವ ಶೇಕಡಾ 16ಕ್ಕೆ ಇಳಿಯುತ್ತದೆ. ಅಂದರೆ ಕುಣಿಗಲ್ಲಿನ ನಕ್ಷೆಯಲ್ಲಿ ಎರಡು ಚುಕ್ಕಿಯ ಕೆಂಪು ಚೌಕ ಕಾಣದಿದ್ದರೇ ಆಶ್ಚರ್ಯಪಡಬೇಕು.

ಇದರ ಮುಂದಿನ ಮೋಸ ಇನ್ನೂ ಸೂಕ್ಷ್ಮ. ಆ ಚೌಕಕ್ಕೆ ಗಸ್ತು ಕಳಿಸಿದರೆನ್ನಿ. ಮುಂದಿನ ವರ್ಷ ಬೀಜಗಳು ಬೇರೆ ಕಡೆ ಬೀಳುತ್ತವೆ. ಈ ಚೌಕದಲ್ಲಿ ಸೊನ್ನೆ. ‘ನಮ್ಮ ಗಸ್ತಿನಿಂದ ಕಳವು ನಿಂತಿತು’ ಎಂದು ವರದಿ ಹೋಗುತ್ತದೆ. ಗಸ್ತು ಹೋಗದಿದ್ದರೂ ಅಲ್ಲಿ ಸೊನ್ನೆಯೇ ಇರುವ ಸಂಭವ ಹೆಚ್ಚಾಗಿತ್ತು. ಶರ್ಮನ್ 55 ತಾಣಗಳನ್ನು ಹಾಗೆಯೇ ಬಿಟ್ಟದ್ದು ಈ ಮೋಸಕ್ಕೆ ಬಲಿಯಾಗದಿರಲೆಂದೇ. ಆದ್ದರಿಂದ ಸಣ್ಣ ಪಟ್ಟಣದಲ್ಲಿ ಮೂರು ನಾಲ್ಕು ವರ್ಷಗಳ ಚುಕ್ಕಿಗಳನ್ನು ಒಟ್ಟುಗೂಡಿಸಿ, ಪ್ರತಿ ವರ್ಷವೂ ಮರುಕಳಿಸಿದ ಚೌಕವನ್ನು ಮಾತ್ರ ನಂಬಬೇಕು. ಗುಬ್ಬಿ ತಾಲ್ಲೂಕಿನ ಚೇಳೂರು, ಸಿ.ಎಸ್. ಪುರ, ಕುಣಿಗಲ್ ತಾಲ್ಲೂಕಿನ ಅಮೃತೂರು, ಹುಲಿಯೂರುದುರ್ಗದಂಥ ಗ್ರಾಮೀಣ ಠಾಣೆಗಳಲ್ಲಿ ಅದೂ ಕಷ್ಟ. ಅಲ್ಲಿ ಹಳ್ಳಿಹಳ್ಳಿಗೂ ಪರಿಚಯವಿರುವ ಹಳೆಯ ಬೀಟ್ ಪೇದೆಯ ನೆನಪು ನಕ್ಷೆಗಿಂತ ಬೆಲೆಯುಳ್ಳದ್ದು.

ಕುಣಿಗಲ್ಲಿಗೆ ಇನ್ನೊಂದು ಲಕ್ಷಣವಿದೆ. ಬೆಂಗಳೂರು–ಹಾಸನ–ಮಂಗಳೂರು ಹೆದ್ದಾರಿ ಅದರ ಮಗ್ಗುಲಲ್ಲೇ ಹಾದು ಯಡಿಯೂರಿನ ಕಡೆಗೆ ಹೋಗುತ್ತದೆ. ಹೆದ್ದಾರಿಯ ತೊಂದರೆ ಗುಪ್ಪೆಯಂತೆ ಹರಡದೆ ದಾರದಂತೆ ಉದ್ದಕ್ಕೆ ಇರುತ್ತದೆ. ಅಲ್ಲಿ ಒಂದೇ ಜಾಗದಲ್ಲಿ ತಪಾಸಣೆ ನಿಲ್ಲಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ಪ್ರಯೋಗವಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ರಾಜಸ್ಥಾನ ಪೊಲೀಸರೊಡನೆ ಸೇರಿ ಕುಡಿದು ವಾಹನ ಓಡಿಸುವವರ ತಪಾಸಣೆಯನ್ನು ಎರಡು ಬಗೆಯಲ್ಲಿ ನಡೆಸಿದರು. ಕೆಲವು ಠಾಣೆಗಳಲ್ಲಿ ತಪಾಸಣೆ ಯಾವಾಗಲೂ ಅತ್ಯುತ್ತಮವೆಂದು ಆರಿಸಿದ ಒಂದೇ ಜಾಗದಲ್ಲಿ. ಇನ್ನು ಕೆಲವದರಲ್ಲಿ ಜಾಗ ಬದಲಾಗುತ್ತಿತ್ತು. ಜಾಗ ಬದಲಿಸಿದಲ್ಲಿ ರಾತ್ರಿಯ ಅಪಘಾತಗಳು ಶೇಕಡಾ 17ರಷ್ಟೂ ರಾತ್ರಿಯ ಸಾವುಗಳು ಶೇಕಡಾ 25ರಷ್ಟೂ ಇಳಿದವು. ಒಂದೇ ಜಾಗದಲ್ಲಿ ನಿಂತಲ್ಲಿ ಗಣನೀಯ ಫಲ ಕಾಣಲಿಲ್ಲ. ಚಾಲಕರು ಜಾಗವನ್ನು ತಿಳಿದುಕೊಂಡು ಪಕ್ಕದ ದಾರಿ ಹಿಡಿದರು. ಮೊದಲೇ ಹೇಳಿದ ‘ಪಕ್ಕದ ಬೀದಿ’ಯ ಆಕ್ಷೇಪ ಬೀದಿ ಮೂಲೆಯಲ್ಲಿ ನಿಲ್ಲದಿದ್ದರೂ ಹೆದ್ದಾರಿಯಲ್ಲಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಓಡಾಡುವವನು ಚಕ್ರದ ಮೇಲಿದ್ದಾನೆ.

ಮೂರನೆಯ ಮಿತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ದೂರಿನಿಂದ ಹುಟ್ಟುವ ಚುಕ್ಕಿ ಬೇರೆ. ಪೊಲೀಸರು ಹೋದದ್ದರಿಂದಲೇ ಹುಟ್ಟುವ ಚುಕ್ಕಿ ಬೇರೆ. ಗಾಡಿ ಕಳೆದವನು ಪೊಲೀಸರು ಇರಲಿ ಬಿಡಲಿ ದೂರು ಕೊಡುತ್ತಾನೆ, ವಿಮೆಗಾದರೂ ಅದು ಬೇಕು. ಆದರೆ ಇಸ್ಪೀಟು, ಗಾಂಜಾ, ಬೀದಿಯಲ್ಲಿ ಕುಡಿತ ಇವು ದಾಖಲಾಗುವುದು ಪೊಲೀಸರು ಹೋದಲ್ಲಿ ಮಾತ್ರ. ಮಹಡಿ ಮನೆಯ ಒಳಗೆ ನಡೆಯುವ ಇಸ್ಪೀಟು ಚುಕ್ಕಿಯಾಗುವುದಿಲ್ಲ. ಕೊಳೆಗೇರಿಯ ಹುಣಸೆಮರದ ಕೆಳಗಿನದು ಆಗುತ್ತದೆ. ಆ ಚುಕ್ಕಿಗಳನ್ನೂ ನಕ್ಷೆಗೆ ಸೇರಿಸಿದರೆ ಮುಂದಿನ ತಿಂಗಳು ಗಸ್ತು ಮತ್ತೆ ಅಲ್ಲಿಗೇ, ಮತ್ತಷ್ಟು ಚುಕ್ಕಿ, ಮತ್ತಷ್ಟು ಗಸ್ತು. ಅಮೆರಿಕದ ಓಕ್ಲೆಂಡಿನ ಮಾದಕ ವಸ್ತು ಪ್ರಕರಣಗಳ ದಾಖಲೆಯನ್ನು ಇಟ್ಟುಕೊಂಡು ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ ಇದನ್ನೇ 2016ರಲ್ಲಿ ತೋರಿಸಿದರು. ಮಾದಕ ವಸ್ತುವಿನ ಬಳಕೆ ನಗರದಲ್ಲೆಲ್ಲ ಹರಡಿತ್ತು. ಬಂಧನಗಳು ಮಾತ್ರ ಬಡವರ ಮತ್ತು ಕಪ್ಪು ಜನರ ಕೇರಿಗಳಲ್ಲಿ ಕೇಂದ್ರೀಕೃತವಾಗಿದ್ದವು. ಹಳೆಯ ದಾಖಲೆ ಉಂಡ ಯಂತ್ರ ಪೊಲೀಸರನ್ನು ಮತ್ತೆ ಆ ಕೇರಿಗಳಿಗೇ ಕಳಿಸುತ್ತಿತ್ತು. ಇಂಥ ಯಂತ್ರವನ್ನು ಮೊದಮೊದಲಿಗೆ ಬಳಸಿದ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ನಗರವೇ 2020ರಲ್ಲಿ ಅದನ್ನು ನಿಷೇಧಿಸಿತು.

ಇದರ ಮತ್ತೊಂದು ಮುಖವೂ ಇದೆ. ದೂರು ಕೊಡದವರ ನೋವಿಗೆ ಚುಕ್ಕಿಯಿಲ್ಲ. ಠಾಣೆಯ ಮೆಟ್ಟಿಲು ಹತ್ತಲು ಅಂಜುವ ಕೂಲಿಯವಳ ಕೂಲಿ ಹಣ ಕಳುವಾದರೆ ಅದು ಯಾವ ನಕ್ಷೆಯಲ್ಲೂ ಬರದು. ಮನೆಯೊಳಗಿನ ಹಿಂಸೆಯಂತೂ ಬಹುಪಾಲು ಬಿಳಿ ಜಾಗವಾಗಿಯೇ ಉಳಿಯುತ್ತದೆ. ನಕ್ಷೆಯ ಬಿಳಿ ಬಣ್ಣಕ್ಕೆ ಎರಡು ಅರ್ಥ: ಅಲ್ಲಿ ಅಪರಾಧವಿಲ್ಲ, ಅಥವಾ ಅಲ್ಲಿಯವರಿಗೆ ನಮ್ಮ ಮೇಲೆ ನಂಬಿಕೆಯಿಲ್ಲ. ಯಾವುದೆಂದು ನಕ್ಷೆ ಹೇಳಲಾರದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದರು. ಈ ಬರಹಕ್ಕಾಗಿ ಅವರೊಡನೆ ಮಾತನಾಡುವಾಗ ಅವರು ಹೇಳಿದ್ದು ಇಷ್ಟು: “ಮೇಷ್ಟ್ರೇ, ನಕ್ಷೆ ನೋಡಿ ‘ಈ ಮೂಲೆಯಲ್ಲಿ ಬೈಕ್ ಹೋಗ್ತಿವೆ’ ಅಂದರೆ ಪೇದೆ ಬೈಕ್ ಕಾಯ್ತಾನೆ. ‘ಇದು ಕೆಟ್ಟ ಏರಿಯಾ’ ಅಂದರೆ ಅಲ್ಲಿರೋ ಹುಡುಗರನ್ನೆಲ್ಲ ನಿಲ್ಲಿಸಿ ಕೇಳ್ತಾನೆ. ನಕ್ಷೆ ಒಂದೇ, ಹೇಳೋ ಮಾತು ಬೇರೆ.”

1871ರ ಕಾಯಿದೆಯನ್ನು ನೆನಪಿಸಿದ್ದು ಇದಕ್ಕಾಗಿಯೇ. ಹಾಟ್‌ಸ್ಪಾಟ್ ಎಂಬ ವಿಚಾರದ ಹಿರಿಮೆಯಿರುವುದು ಶಂಕೆಯನ್ನು ಜನರ ಮೇಲಿಂದ ಎತ್ತಿ ಜಾಗದ ಮೇಲೆ ಇಟ್ಟುದರಲ್ಲಿ. ದೀಪವಿಲ್ಲದ ಓಣಿ, ಕಾವಲಿಲ್ಲದ ವಾಹನ ನಿಲುಗಡೆ, ತಡರಾತ್ರಿಯ ಬಾರು, ಇವುಗಳ ಮೇಲೆ ಎಷ್ಟು ಶಂಕೆ ಪಟ್ಟರೂ ಅವಕ್ಕೆ ಅವಮಾನವಾಗದು; ದೀಪ ಹಾಕಿದರೆ ಸರಿಯೂ ಹೋಗಬಹುದು. ಆದರೆ ತಾಣ ದೊಡ್ಡದಾಗುತ್ತ ಕೇರಿಯಾದರೆ, ಕೇರಿ ಅಲ್ಲಿಯ ಜನರಾದರೆ, ನಾವು ಹೊಸ ಯಂತ್ರದಲ್ಲಿ ಹಳೆಯ ಕಾಯಿದೆಯನ್ನೇ ಮುದ್ರಿಸಿದಂತೆ. ಆದ್ದರಿಂದ ತಾಣ ಸಣ್ಣದಾಗಿರಬೇಕು, ಒಂದು ಮೂಲೆಯಷ್ಟು, ಒಂದು ಬೀದಿಯಷ್ಟು. ನಿಲ್ಲುವ ಹೊತ್ತೂ ಸಣ್ಣದಾಗಿರಬೇಕು, 15 ನಿಮಿಷದಷ್ಟು. ಪಟ್ಟಿಯಲ್ಲಿ ಒಂದು ತಾಣ ಉಳಿಯುವ ಕಾಲವೂ ಸಣ್ಣದಾಗಿರಬೇಕು; ಕಳವು ನಿಂತ ಮೇಲೂ ಕೆಂಪಾಗಿಯೇ ಉಳಿದ ಜಾಗ ನಕ್ಷೆಯ ತಪ್ಪೇ ಹೊರತು ಅಲ್ಲಿಯವರದಲ್ಲ.